ಲಂಡನ್ನಿಗೆ ಹೊರಟ ಮೇಡಂಗೆ ಒಂದು ಪುಟ

ನಮ್ಮ ಕಚೇರಿಗಳಲ್ಲಿ ಬೀಳ್ಕೊಡುಗೆ ಅಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ, ಜೊತೆಗೆ ಚೌಕಟ್ಟು ಹಾಕಿಸಿದ ಒಂದು ಬಿನ್ನವತ್ತಳೆ. ಬಿನ್ನವತ್ತಳೆಗೆ ತನ್ನದೇ ಒಂದು ಕಟ್ಟು ಇದೆ. ಪ್ರತಿ ಪ್ಯಾರಾ ಒಂದು ಸಂಬೋಧನೆಯಿಂದ ಶುರುವಾಗುತ್ತದೆ: ‘ಕರ್ತವ್ಯನಿಷ್ಠರೇ’, ‘ಸಹೃದಯರೇ’, ‘ಸ್ನೇಹಜೀವಿಗಳೇ’. ಕೊನೆಗೆ ಆಯುರಾರೋಗ್ಯದ ಹಾರೈಕೆ, ‘ಇಂತಿ ತಮ್ಮ ವಿಶ್ವಾಸಿಗಳು’, ಊರು, ತಾರೀಖು. ನಿವೃತ್ತರಾಗುವವರಿಗೆ ಈ ಕಟ್ಟು ಚೆನ್ನಾಗಿಯೇ ಒಪ್ಪುತ್ತದೆ. ಅವರ ಸೇವೆ ಮುಗಿದಿದೆ, ಅದನ್ನೆಲ್ಲ ಒಟ್ಟಿಗೆ ಹಿಡಿದು ಕೊಂಡಾಡಬಹುದು. ವಿದೇಶಕ್ಕೆ ಪೋಸ್ಟಿಂಗ್ ಆದವರಿಗೆ ಅದೇ ಅಚ್ಚಿನಲ್ಲಿ ಬರೆದರೆ ಹೊಂದುವುದಿಲ್ಲ. ಅವರ ಕೆಲಸ ಮುಗಿದಿಲ್ಲ. ಕೆಲವು ವರ್ಷಗಳಲ್ಲಿ ಅವರು ವಾಪಸು ಬರುವವರು. ‘ನಿಮ್ಮ ನೆನಪು ನಮ್ಮಲ್ಲಿ ಚಿರಸ್ಥಾಯಿ’ ಎಂದು ಅವರ ಮುಂದೆ ಓದಿದರೆ, ಕೆಳಗೆ ಕುಳಿತ ಅವರ ತಾಯಿಗೆ ಅದು ಶ್ರದ್ಧಾಂಜಲಿಯ ಹಾಗೆ ಕೇಳಿಸುತ್ತದೆ.

ಇಂಥ ಪತ್ರವನ್ನು ಸರಿಯಾಗಿ ಬರೆದದ್ದನ್ನು ನಾನು ಹತ್ತಿರದಿಂದ ಕಂಡದ್ದು ಹುಬ್ಬಳ್ಳಿಯ ಒಂದು ಬ್ಯಾಂಕ್ ಶಾಖೆಯಲ್ಲಿ. ಹೊರಟವರು ಅಲ್ಲಿಯ ಮಹಿಳಾ ಅಧಿಕಾರಿ, ಹೋಗುತ್ತಿದ್ದದ್ದು ಅದೇ ಬ್ಯಾಂಕಿನ ಲಂಡನ್ ಶಾಖೆಗೆ. ಬರೆಯುವ ಹೊಣೆ ಬಿದ್ದದ್ದು ಹೆಡ್ ಕ್ಯಾಷಿಯರ್ ಮೇಲೆ. ಅದಕ್ಕೆ ಕಾರಣವಿತ್ತು. ಬ್ಯಾಂಕಿನ ಸ್ಟ್ರಾಂಗ್ ರೂಮಿನ ಬಾಗಿಲು ಒಂದೇ ಕೀಲಿಕೈಗೆ ತೆರೆಯುವುದಿಲ್ಲ. ಒಂದು ಕೈ ಕ್ಯಾಷಿಯರ್ ಹತ್ತಿರ, ಇನ್ನೊಂದು ಅಧಿಕಾರಿಯ ಹತ್ತಿರ ಇರುತ್ತದೆ. ಬೆಳಿಗ್ಗೆ ಗಿರಾಕಿಗಳು ಬರುವ ಮೊದಲು ಇಬ್ಬರೂ ಬಂದು ನಿಲ್ಲಬೇಕು, ಸಂಜೆ ಕ್ಯಾಶ್ ತಾಳೆಯಾದ ಮೇಲೆ ಇಬ್ಬರೂ ಸೇರಿಯೇ ಮುಚ್ಚಬೇಕು. ಒಬ್ಬರು ಬೇರೆ ಕಡೆ ಹೋಗುವಾಗ ತಮ್ಮ ಕೀಲಿಕೈಯನ್ನು ಬರುವವರಿಗೆ ಒಪ್ಪಿಸಿ ರಿಜಿಸ್ಟರಿನಲ್ಲಿ ಸಹಿ ಹಾಕುತ್ತಾರೆ. ಹಾಗಾಗಿ ಆ ಅಧಿಕಾರಿ ಇಲ್ಲದ್ದು ಶಾಖೆಯಲ್ಲಿ ಎಲ್ಲರಿಗಿಂತ ಮೊದಲು, ದಿನಕ್ಕೆ ಎರಡು ಸಲ, ತಿಳಿಯುವುದು ಹೆಡ್ ಕ್ಯಾಷಿಯರ್‌ಗೇ.

ಅವರು ಮೊದಲು ಬರೆದದ್ದರಲ್ಲಿ ಎರಡು ಭಾಗಗಳಿದ್ದವು. ಮೊದಲ ಭಾಗ ಪೂರ್ತಿ ಹೆಮ್ಮೆ: ಸಾಗರದಾಚೆ ಕನ್ನಡದ ಕೀರ್ತಿ ಪತಾಕೆ, ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಸ್ಥಾಪನೆಯಾದ ಬಸವಣ್ಣನವರ ಪ್ರತಿಮೆ. ಎರಡನೆಯ ಭಾಗ ಪೂರ್ತಿ ದುಃಖ: ಶಾಖೆ ಬಿಕೋ ಎನ್ನುತ್ತದೆ, ನೀವಿಲ್ಲದೆ ನಾವು ಅನಾಥರು. ನಡುವೆ ಒಂದು ‘ಆದರೆ’. ಓದಿದ ಸಹೋದ್ಯೋಗಿಗಳು ಚೆನ್ನಾಗಿದೆ ಅಂದರು. ಬರೆದವರಿಗೇ ಸಮಾಧಾನವಾಗಲಿಲ್ಲ. ಹೆಮ್ಮೆಯ ಮಾತುಗಳು ಲಂಡನ್ನಿಗೆ ಹೋಗುವ ಯಾರಿಗಾದರೂ ಸಲ್ಲುತ್ತಿದ್ದವು, ದುಃಖದ ಮಾತುಗಳು ಪಕ್ಕದ ಗದಗಕ್ಕೆ ವರ್ಗವಾದವರಿಗೂ ಸಲ್ಲುತ್ತಿದ್ದವು. ಅದಲ್ಲದೆ, ‘ಅನಾಥರು’ ಎಂಬ ಮಾತು ಹೋಗುವವರ ಮೇಲೆ ಒಂದು ತಪ್ಪು ಹೊರಿಸಿದಂತೆಯೂ ಇತ್ತು.

ಇಲ್ಲಿಯೇ ಈ ಬಗೆಯ ಪತ್ರದ ಮರ್ಮ ಇದೆ ಎಂದು ನಾನು ಭಾವಿಸುತ್ತೇನೆ. ಹೆಮ್ಮೆಗೊಂದು ವಿಷಯ, ಅಗಲಿಕೆಗೊಂದು ವಿಷಯ ಎಂದು ಬೇರೆ ಬೇರೆ ಹುಡುಕಬಾರದು. ಅವರಲ್ಲಿನ ಯಾವ ಗುಣಕ್ಕಾಗಿ ಅವರನ್ನು ಅಲ್ಲಿಗೆ ಆರಿಸಿದರೋ, ಇಲ್ಲಿಯವರಿಗೆ ನಾಳೆಯಿಂದ ಕೈಕೊರತೆ ಆಗುವುದೂ ಬಹುಮಟ್ಟಿಗೆ ಅದೇ ಗುಣದ್ದು. ಅದು ಕಾಣುವ ಒಂದೇ ಒಂದು ಘಟನೆ ಸಿಕ್ಕರೆ ಎರಡೂ ಭಾವ ಅದರಿಂದಲೇ ಹೊರಡುತ್ತವೆ.

ಹೆಡ್ ಕ್ಯಾಷಿಯರ್‌ಗೆ ಆ ಘಟನೆ ಸಿಕ್ಕಿತು. ಒಂದು ದಿನ ಸಂಜೆ ಕ್ಯಾಶಿನಲ್ಲಿ 500 ರೂಪಾಯಿ ಕಡಿಮೆ ಬಂದಿತ್ತು. ಹೀಗಾದಾಗ ಕೌಂಟರಿನವರು ಕೈಯಿಂದ ಹಾಕಿ ಮುಗಿಸಿಬಿಡುವುದುಂಟು. ಈ ಅಧಿಕಾರಿ ಅದಕ್ಕೆ ಬಿಡಲಿಲ್ಲ. ಎರಡನೆಯ ಸಲ ಬರೆದ ಪತ್ರ ಹೀಗಿತ್ತು:

“ಮೇಡಂ, ಲಂಡನ್ ಶಾಖೆಗೆ ನೀವು ಆಯ್ಕೆಯಾದ ಸುದ್ದಿ ಬಂದ ದಿನ ನಮಗೆಲ್ಲ ನೆನಪಾದದ್ದು ಕ್ಯಾಶ್ ತಾಳೆಯಾಗದ ಆ ಸಂಜೆ. 500 ರೂಪಾಯಿ ತಾನೆ, ಹಾಕಿಬಿಡೋಣ ಎಂದು ನಾವು ಅಂದೆವು. ಯಾರೂ ಮಾಡದ ತಪ್ಪಿಗೆ ಯಾರೂ ದುಡ್ಡು ಹಾಕುವುದು ಬೇಡ ಎಂದು ನೀವು ಅಂದಿರಿ. ನಿಮ್ಮ ಚೀಲವನ್ನು ಕೆಳಗಿಟ್ಟು ನಮ್ಮ ಪಕ್ಕದಲ್ಲೇ ಕುಳಿತು ಕಟ್ಟುಗಳನ್ನೆಲ್ಲ ಬಿಚ್ಚಿ ಎಣಿಸಿದಿರಿ. 100 ನೋಟಿನ ಒಂದು ಕಟ್ಟಿನಲ್ಲಿ 101 ಇದ್ದವು. ಆಗ ರಾತ್ರಿ ಎಂಟೂವರೆ.

ಈಗ ನಿಮಗೆ ಲಂಡನ್ನಿನಲ್ಲಿ ಸಿಗುವ ಕೆಲಸ ರಫ್ತು ಆಮದಿನ ಕಾಗದಪತ್ರ ನೋಡುವುದು. ಅಲ್ಲಿ ಒಂದು ತಾರೀಖು ತಪ್ಪಿದರೂ ವ್ಯಾಪಾರಿಯ ಹಣ ನಿಲ್ಲುತ್ತದೆ ಎಂದು ನೀವೇ ಹೇಳಿದ್ದೀರಿ. ಆ ಕುರ್ಚಿಗೆ ಬ್ಯಾಂಕು ಸರಿಯಾದವರನ್ನೇ ಕಳಿಸುತ್ತಿದೆ ಎಂದು ಈ ಶಾಖೆಯಲ್ಲಿ ಎಲ್ಲರಿಗೂ ಗೊತ್ತು. ನಿಮ್ಮ ಜೊತೆ ಎಣಿಸಲು ಕುಳಿತವರಿಗೆ ಇನ್ನೂ ಚೆನ್ನಾಗಿ ಗೊತ್ತು.

ನಿಮ್ಮ ಕೀಲಿಕೈಗೆ ಬೇರೆಯವರು ಸಹಿ ಹಾಕಿದ್ದಾರೆ. ಬಾಗಿಲು ತೆರೆಯುತ್ತದೆ. ಸಂಜೆ ತಾಳೆಯಾಗದ ದಿನ ಮಾತ್ರ ನಾವು ನಿಮ್ಮ ಟೇಬಲಿನ ಕಡೆ ತಿರುಗಿ ನೋಡುತ್ತೇವೆ, ಅದನ್ನು ಮುಚ್ಚಿಡುವುದಿಲ್ಲ.

ನವೆಂಬರಿನಲ್ಲಿ ನಡೆಯಲಾಗದ ಪಿಂಚಣಿದಾರರ ಮನೆಗೆ ಹೋಗಿ ಲೈಫ್ ಸರ್ಟಿಫಿಕೇಟ್ ಮಾಡಿಸುತ್ತಿದ್ದಿರಿ. ಈ ವರ್ಷ ನಾವು ಹೋಗುತ್ತೇವೆ. ಆ ಪಟ್ಟಿಯಲ್ಲಿ ನಿಮ್ಮ ತಾಯಿಯವರ ಹೆಸರೂ ಇದೆ. ಹೋಗಿ ಬನ್ನಿ ಮೇಡಂ.”

ಇದರಲ್ಲಿ ದುಃಖಕ್ಕೆ ಸಿಕ್ಕಿರುವುದು ಒಂದೇ ಒಂದು ಪ್ಯಾರಾ, ಅದೂ ಕೊನೆಯಲ್ಲಿ ಅಲ್ಲ. ಯಾಕೆ ಎಂದು ಕೇಳಿದಾಗ ಹೆಡ್ ಕ್ಯಾಷಿಯರ್ ಹೇಳಿದರು: “ದುಃಖ ಕಡೀಕ ಇಟ್ರ ಮಂದಿ ಅದನ್ನ ಮನೀಗೆ ಒಯ್ತಾರ್ರೀ. ಅವ್ರ ಅವ್ವ ಇರ್ತಾರ ಅಲ್ಲಿ.” ಅವರ ಲೆಕ್ಕ ಸರಿಯಾಗಿತ್ತು. ಇಂಥ ಪತ್ರ ಕಾಗದದ ಮೇಲೆ ಒಬ್ಬರಿಗೆ ಬರೆದದ್ದಾದರೂ ಕೇಳುವವರು ಇಡೀ ಸಭೆ. ಮಗಳನ್ನು ಕಳಿಸುವ ತಾಯಿಗೆ ಸಹೋದ್ಯೋಗಿಗಳ ಕಣ್ಣೀರಿಗಿಂತ ನವೆಂಬರಿನಲ್ಲಿ ಯಾರು ಬರುತ್ತಾರೆ ಎಂಬುದು ಹೆಚ್ಚು ಬೇಕಾದ ಮಾತು. ಪಿಂಚಣಿದಾರರು ವರ್ಷಕ್ಕೊಮ್ಮೆ ಕೊಡಬೇಕಾದ ಆ ಸರ್ಟಿಫಿಕೇಟ್ ತಪ್ಪಿದರೆ ಪಿಂಚಣಿ ನಿಲ್ಲುತ್ತದೆ. ಅಗಲಿಕೆಯನ್ನು ಒಂದು ಕೆಲಸದ ಮಾತಾಗಿ ತಿರುಗಿಸಿದರೆ ಅದು ಇಷ್ಟು ಗಟ್ಟಿಯಾಗಿ ನಿಲ್ಲುತ್ತದೆ. ಒಂದು ಷರತ್ತು ಇದೆ: ಮಾಡಲು ಆಗುವುದನ್ನಷ್ಟೇ ಬರೆಯಬೇಕು.

ಇನ್ನೊಂದು ಎಚ್ಚರವೂ ಆ ಪತ್ರದಲ್ಲಿದೆ. ಆ ಸಂಜೆ 101 ನೋಟಿನ ಕಟ್ಟು ಕಟ್ಟಿದವರು ಸಭೆಯಲ್ಲಿಯೇ ಕುಳಿತಿದ್ದರು, ಮುಂದಿನ ಸಾಲಿನಲ್ಲಿ ವಲಯದ ಮೇಲಧಿಕಾರಿಗಳೂ ಇದ್ದರು. ಒಬ್ಬರನ್ನು ಹೊಗಳಲು ಹೋಗಿ ಇನ್ನೊಬ್ಬರ ತಪ್ಪನ್ನು ಹರಾಜು ಹಾಕುವುದು ಬೀಳ್ಕೊಡುಗೆ ಭಾಷಣಗಳಲ್ಲಿ ತೀರಾ ಸಾಮಾನ್ಯ. ಇಲ್ಲಿ ಯಾರ ಕೌಂಟರ್ ಎಂಬ ಸುಳಿವೂ ಇಲ್ಲ, ‘ನಾವು’ ಎಂದಷ್ಟೇ ಇದೆ. ಬರೆದು ಮುಗಿಸಿದ ಮೇಲೆ ಅದನ್ನು ಆ ಕ್ಯಾಷಿಯರ್‌ಗೆ ತೋರಿಸಿ, ಅವರು ಒಪ್ಪಿದ ಮೇಲೆಯೇ ಟೈಪ್ ಮಾಡಿಸಿದರು.

ಬಸವಣ್ಣನವರ ಪ್ರತಿಮೆಯ ಸಾಲು ಹೋದದ್ದಕ್ಕೆ ಕೆಲವರಿಗೆ ಬೇಸರವಾಯಿತು. ಆ ಅಧಿಕಾರಿಗೆ ವಚನಗಳ ಒಲವಿದ್ದಿದ್ದರೆ ಅದು ಉಳಿಯಬೇಕಿತ್ತು, ಆಗ ಅದು ಅವರದೇ ಮಾತಾಗುತ್ತಿತ್ತು. ಕೇವಲ ಊರಿನ ಹೆಸರು ಬಂತೆಂದು ಪ್ರತಿಮೆಯನ್ನು ಎಳೆದು ತಂದರೆ ಹೆಮ್ಮೆ ಊರಿನ ಪಾಲಾಗಿ, ಹೋಗುವವರು ಪಕ್ಕಕ್ಕೆ ಸರಿದುಬಿಡುತ್ತಾರೆ.

ಇಷ್ಟನ್ನು ಗಟ್ಟಿಯಾಗಿ ಓದಲು ಹಿಡಿಯುವುದು ಎರಡು ನಿಮಿಷ ಚಿಲ್ಲರೆ. ಅದಕ್ಕಿಂತ ಉದ್ದವಾದರೆ ಓದುವವರ ಗಂಟಲು ಕಟ್ಟುತ್ತದೆ, ಕೇಳುವವರ ಗಮನ ಊಟದ ಕಡೆ ಹೋಗುತ್ತದೆ. ಗಾಜಿನ ಚೌಕಟ್ಟನ್ನು ವಿಮಾನದ ಲಗೇಜಿನಲ್ಲಿ ಒಡೆಯದಂತೆ ಒಯ್ಯುವುದೂ ಕಷ್ಟ. ಹಾಗಾಗಿ ಶಾಖೆಯವರು ಎರಡು ಪ್ರತಿ ಮಾಡಿಸಿದರು. ಚೌಕಟ್ಟು ಹಾಕಿಸಿದ್ದು ತಾಯಿಯ ಮನೆಗೆ ಹೋಯಿತು. ಎಲ್ಲರೂ ಶಾಯಿಯಲ್ಲಿ ಸಹಿ ಹಾಕಿದ ಬರಿಯ ಹಾಳೆಯನ್ನು ಮೇಡಂ ಪಾಸ್‌ಪೋರ್ಟಿನ ಜೊತೆ ಮಡಚಿ ಇಟ್ಟುಕೊಂಡರು.