ಝಕಾತ್ ಬೇರೆ, ಸಂಬಳ ಬೇರೆ

ಪೆರ್ನಾಲ್ ಮುಗಿದು ಎರಡು ವಾರ ಆಗಿರುತ್ತದೆ. ಮನೆಗೆಲಸಕ್ಕೆ ಬರುವಾಕೆ ಪಾತ್ರೆ ತೊಳೆದು ಕೈ ಒರೆಸಿಕೊಳ್ಳುತ್ತಾ, "ಸಂಬಳ ಸ್ವಲ್ಪ ಜಾಸ್ತಿ ಮಾಡ್ತೀರಾ?" ಎಂದು ಮೆಲ್ಲಗೆ ಕೇಳುತ್ತಾಳೆ. ನಮ್ಮ ಅನೇಕ ಮನೆಗಳಲ್ಲಿ ತಕ್ಷಣ ಬರುವ ಉತ್ತರ ಒಂದೇ: "ಈಗಷ್ಟೇ ರಮಝಾನಿಗೆ ಕೊಟ್ಟಾಯ್ತಲ್ಲ, ಇನ್ನೇನು?"

ಈ ಉತ್ತರದಲ್ಲೇ ಒಂದು ದೊಡ್ಡ ತಪ್ಪು ಅಡಗಿದೆ. ರಮಝಾನಿನಲ್ಲಿ ನಾವು ಕೊಟ್ಟದ್ದು ಏನು? ಝಕಾತೇ, ಬೋನಸ್ಸೇ, ಹೆಚ್ಚು ಕೆಲಸದ ಕೂಲಿಯೇ? ಹೆಚ್ಚಿನ ಮನೆಗಳಲ್ಲಿ ಒಂದೇ ಲಕೋಟೆಯಲ್ಲಿ ಮೂರೂ ಸೇರಿಹೋಗಿರುತ್ತವೆ.

ಝಕಾತ್ ಅರ್ಹರ ಹಕ್ಕು. ಸಂಬಳ ನಮ್ಮ ಮೇಲಿನ ಸಾಲ. ನಮ್ಮ ಸಾಲವನ್ನು ಝಕಾತಿನ ಹಣದಿಂದ ತೀರಿಸುವ ಹಾಗಿಲ್ಲ. ಕೆಲಸದಾಕೆ ಬಡವಳಾಗಿದ್ದು, ಝಕಾತಿಗೆ ಅರ್ಹಳಾಗಿದ್ದರೆ ಆಕೆಗೆ ಧಾರಾಳವಾಗಿ ಕೊಡಬಹುದು. ಆದರೆ ಆಕೆ ಮಾಡಿದ ಕೆಲಸಕ್ಕೆ ಬದಲಾಗಿ, ಅಥವಾ ಮುಂದೆಯೂ ಬಿಡದೆ ಬರಲಿ ಎಂಬ ಲೆಕ್ಕದಲ್ಲಿ ಕೊಟ್ಟರೆ ಅದು ಝಕಾತ್ ಅನಿಸಿಕೊಳ್ಳುವುದಿಲ್ಲ. ಪರೀಕ್ಷೆ ಸುಲಭ: ನಾಳೆಯೇ ಆಕೆ ನಮ್ಮ ಮನೆ ಬಿಟ್ಟು ಹೋಗುತ್ತಾಳೆ ಅಂತ ಗೊತ್ತಿದ್ದರೂ ಈ ಹಣವನ್ನು ಕೊಡುತ್ತಿದ್ದೆವಾ? ಇಲ್ಲ ಎಂದಾದರೆ ಅದು ಝಕಾತಿನ ಲೆಕ್ಕಕ್ಕೆ ಸೇರದು. ಸಂಶಯ ಇದ್ದರೆ ಮೊಹಲ್ಲಾದ ಉಸ್ತಾದರಲ್ಲಿ ಕೇಳಿ, ಆಮೇಲೆ ಕೊಡೋಣ.

ಒಂದು ಮನೆಯ ಲೆಕ್ಕವನ್ನೇ ನೋಡೋಣ. ಆಕೆ ದಿನಕ್ಕೆ ಎರಡು ಗಂಟೆ ಬರುತ್ತಾಳೆ, ಭಾನುವಾರ ರಜೆ, ಸಂಬಳ 6,000 ರೂಪಾಯಿ. ತಿಂಗಳಿಗೆ 26 ದಿನ ಅಂದರೆ 52 ಗಂಟೆ. ಗಂಟೆಗೆ ಸುಮಾರು 115 ರೂಪಾಯಿ ಬಿತ್ತು. ರಮಝಾನ್ ಬಂತು. ಬೆಳಗ್ಗೆ ಸಹರಿಯ ಪಾತ್ರೆಗಳು ಕಾಯುತ್ತಿರುತ್ತವೆ. ಅಸರ್ ಹೊತ್ತಿಗೆ ಇನ್ನೊಮ್ಮೆ ಬಂದು ಸಮೋಸಕ್ಕೆ ಈರುಳ್ಳಿ ಹೆಚ್ಚಬೇಕು, ಪತ್ತಿರಿಗೆ ಹಿಟ್ಟು ನಾದಬೇಕು, ನೆಂಟರು ಬಂದರೆ ರಾಶಿ ಪಾತ್ರೆ ತೊಳೆಯಬೇಕು. ದಿನಕ್ಕೆ ಇನ್ನೂ ಎರಡು ಗಂಟೆ ಹೆಚ್ಚಾಯಿತು. ಅಂದರೆ ತಿಂಗಳ ಕೆಲಸ ಇಮ್ಮಡಿ. ಹೆಚ್ಚಿನ 52 ಗಂಟೆಗೆ ಇನ್ನೂ 6,000 ರೂಪಾಯಿ ಬರಬೇಕು.

ಮನೆಯವರು ಇಪ್ಪತ್ತೇಳರ ರಾತ್ರಿ 5,000 ರೂಪಾಯಿ, ಜೊತೆಗೆ ಒಂದು ಸೀರೆ ಕೊಟ್ಟರು. ಮನಸ್ಸಿನಲ್ಲಿ ಅದು ಝಕಾತ್. ಆಕೆ ಮಾತ್ರ ಅದು ಹೆಚ್ಚು ಕೆಲಸಕ್ಕೆ ಕೊಟ್ಟದ್ದು ಅಂದುಕೊಂಡಳು. ಈಗ ಎರಡರಲ್ಲಿ ಒಂದು ಖಂಡಿತ: ಅದು ಕೂಲಿ ಆಗಿದ್ದರೆ ಇನ್ನೂ 1,000 ಬಾಕಿ ಇದೆ, ಝಕಾತ್ ಕೊಟ್ಟೇ ಇಲ್ಲ. ಝಕಾತ್ ಆಗಿದ್ದರೆ ಕೂಲಿಯ 6,000 ಪೂರ್ತಿ ಬಾಕಿ. ಬೆವರು ಆರುವ ಮೊದಲು ಕೂಲಿ ಕೊಡಬೇಕೆಂದು ಕಲಿಸಿದ ನೆಬಿಯವರ (ಸ) ಉಮ್ಮತ್ ನಾವು. ಇಲ್ಲಿ ಬೆವರು ಆರಿ ಪೆರ್ನಾಲೂ ಮುಗಿಯಿತು.

ಇದಕ್ಕೆ ಪರಿಹಾರ ನೋಂಬಿಗೆ ಮೊದಲೇ ಮಾಡಿಕೊಳ್ಳುವುದು. ಶಾಬಾನ್ ಕೊನೆಯ ವಾರದಲ್ಲಿ ಆಕೆಯನ್ನು ಕೂರಿಸಿ ಕೇಳಬೇಕು: ಸಂಜೆ ಎಷ್ಟು ಹೊತ್ತಿಗೆ ಬರುತ್ತಿ, ಎಷ್ಟು ಗಂಟೆ ಇರುತ್ತಿ, ಅದಕ್ಕೆ ಇಷ್ಟು. ಆಕೆಯೂ ನೋಂಬು ಹಿಡಿದವಳು, ಅವಳ ಮನೆಯಲ್ಲೂ ಇಫ್ತಾರ್ ಇದೆ. ಮಗ್ರಿಬ್ ಬಾಂಗಿಗೆ ಮೊದಲು ಅವಳು ಮನೆ ತಲುಪುವ ಹಾಗೆ ಹೊತ್ತು ಗೊತ್ತು ಮಾಡಬೇಕು. ಹೆಚ್ಚು ಕೆಲಸದ ದುಡ್ಡನ್ನು "ಇದು ಸಂಜೆಯ ಕೆಲಸದ್ದು" ಅಂತ ಬಾಯಿಬಿಟ್ಟು ಹೇಳಿ ಕೊಡಬೇಕು. ಝಕಾತನ್ನು ಬೇರೆ ದಿನ, ಬೇರೆ ಲಕೋಟೆಯಲ್ಲಿ ಕೊಡೋಣ. ಅದನ್ನು ಝಕಾತ್ ಅಂತ ಹೇಳಿಯೇ ಕೊಡಬೇಕೆಂದೇನೂ ಇಲ್ಲ, ಆಕೆಗೆ ಮುಜುಗರ ಆಗುವುದು ಬೇಡ.

ಇನ್ನು ಉಡುಗೊರೆ. ನಮ್ಮ ಡ್ರೈವರುಗಳಲ್ಲಿ, ಮನೆಗೆಲಸದವರಲ್ಲಿ ಹಿಂದೂಗಳು, ಕ್ರೈಸ್ತರೂ ಬಹಳ ಇದ್ದಾರೆ. ಅವರಿಗೆ ಪೆರ್ನಾಲಿನಲ್ಲಿ ಬಿರಿಯಾನಿ ಕೊಡುವುದು ನಮ್ಮ ಸಂತೋಷ. ಆದರೆ ಅವರ ಮನೆಯಲ್ಲಿ ಮಕ್ಕಳಿಗೆ ಹೊಸ ಬಟ್ಟೆ ಬೇಕಾಗುವುದು ದೀಪಾವಳಿಗೆ, ಕ್ರಿಸ್ಮಸ್ಸಿಗೆ. ಹಾಗಾಗಿ ಹಬ್ಬದ ಹಣ ಅವರ ಹಬ್ಬಕ್ಕೆ ಒಂದು ವಾರ ಮೊದಲು ಕೈಗೆ ಸಿಗಬೇಕು, ಅಂಗಡಿಗೆ ಹೋಗಲು ಸಮಯ ಬೇಕಲ್ಲ. ಒಂದು ತಿಂಗಳ ಸಂಬಳ ವರ್ಷಕ್ಕೊಮ್ಮೆ ಕೊಡುವ ಮನೆಗಳಿವೆ. ಅಷ್ಟು ಆಗದಿದ್ದರೆ ಅರ್ಧವಾದರೂ ಆಗಲಿ. ಮೂರು ವರ್ಷ ಉಟ್ಟ ಸೀರೆ, ಮಗನಿಗೆ ಬಿಗಿಯಾದ ಅಂಗಿ ಉಡುಗೊರೆಯ ಲೆಕ್ಕಕ್ಕೆ ಬರುವುದಿಲ್ಲ.

ರಜೆಯ ವಿಷಯಕ್ಕೆ ಬಂದರೆ, ಜಗಳ ಹುಟ್ಟುವುದು ಕಡಿತದಲ್ಲಿ. ಮೇಲಿನ ಮನೆಯಲ್ಲಿ ಒಂದು ದಿನದ ಸಂಬಳ, 26 ದಿನದ ಲೆಕ್ಕದಲ್ಲಿ, ಸುಮಾರು 230 ರೂಪಾಯಿ. ಆಕೆ ಬಾರದ ದಿನಕ್ಕೆ 230 ಕಡಿದು, ಭಾನುವಾರ ಕರೆಸಿದಾಗ "ಅರ್ಧ ಗಂಟೆ ಕೆಲಸ ತಾನೇ" ಎಂದು ಏನೂ ಕೊಡದೆ ಕಳಿಸುವುದು ನ್ಯಾಯ ಅಲ್ಲ. ಕಡಿಯುವ ದರ ಯಾವುದೋ, ಕೊಡುವ ದರವೂ ಅದೇ ಆಗಬೇಕು. ವಾರದ ರಜೆ ಬಿಟ್ಟು ತಿಂಗಳಿಗೆ ಒಂದು ದಿನ ಸಂಬಳ ಸಹಿತ ರಜೆ ಇಟ್ಟರೆ, ಜ್ವರ ಬಂದಾಗ, ಮಗುವಿನ ಶಾಲೆಯಲ್ಲಿ ಮೀಟಿಂಗ್ ಇದ್ದಾಗ ಸುಳ್ಳು ಹೇಳುವ ಅಗತ್ಯ ಆಕೆಗೆ ಬರುವುದಿಲ್ಲ.

ನಮ್ಮ ಮನೆಗಳಿಗೇ ವಿಶೇಷವಾದ ಇನ್ನೊಂದು ಸಂಗತಿ ಗಲ್ಫ್. ಮಕ್ಕಳ ಶಾಲಾ ರಜೆಗೆ ಉಮ್ಮ, ಮಕ್ಕಳು ದುಬೈಗೋ ಜುಬೈಲಿಗೋ ಎರಡು ತಿಂಗಳು ಹೋಗುತ್ತಾರೆ, ಮನೆಗೆ ಬೀಗ. ಕೆಲಸದಾಕೆಗೆ "ಬಂದ ಮೇಲೆ ಫೋನ್ ಮಾಡ್ತೇವೆ" ಎಂಬ ಮಾತು ಮಾತ್ರ. ಆ ಎರಡು ತಿಂಗಳು ಅವಳ ಮನೆಯ ಅಕ್ಕಿಗೆ ರಜೆ ಇಲ್ಲ. ಹೋಗುವುದು ನಮ್ಮ ಇಷ್ಟಕ್ಕೆ, ವಾಪಸ್ ಬಂದಾಗ ಅವಳೇ ಬೇಕು ಎಂದಾದರೆ ಕನಿಷ್ಠ ಅರ್ಧ ಸಂಬಳವಾದರೂ ಕೊಡಬೇಕು ಎಂಬುದು ನಮ್ಮ ಅಭಿಪ್ರಾಯ. ಇಡೀ ದಿನ ನಮಗಾಗಿಯೇ ಇರುವ ಡ್ರೈವರಿಗೆ ಪೂರ್ತಿ. ಹಾಗೆಯೇ, ಅವರು ಊರಿಗೆ ಬರುವಾಗ ರಾತ್ರಿ ಎರಡು ಗಂಟೆಗೆ ಏರ್‌ಪೋರ್ಟಿಗೆ ಹೋಗುವುದೂ ಡ್ರೈವರೇ. ಪಾರ್ಕಿಂಗಿನಲ್ಲಿ ಕಾಯುವ ಹೊತ್ತೂ ಕೆಲಸವೇ. ರಾತ್ರಿ ಓಡಾಟಕ್ಕೆ ಇಷ್ಟು ಬಾಟಾ, ಮರುದಿನ ಬೆಳಗ್ಗೆ ಬಿಡುವು ಎಂದು ಮೊದಲೇ ನಿಗದಿ ಮಾಡಬೇಕು. ನಿದ್ದೆಗೆಟ್ಟ ಡ್ರೈವರ್ ಕೈಯಲ್ಲಿ ಇರುವುದು ನಮ್ಮ ಮಕ್ಕಳ ಪ್ರಾಣ.

ಕೊನೆಗೆ, ಆಕೆ ಕೇಳಿದ ಸಂಬಳ ಏರಿಕೆ. ಅದನ್ನು ರಮಝಾನಿಗೆ ಜೋಡಿಸಬಾರದು. ರಮಝಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಬರುತ್ತದೆ, ಜೊತೆಗೆ ಏರಿಕೆ, ಉಡುಗೊರೆ, ಝಕಾತ್ ಮತ್ತೆ ಕಲಸಿಹೋಗುತ್ತವೆ. ಕರ್ನಾಟಕ ಸರಕಾರ ಮನೆಗೆಲಸವನ್ನು 2004ರಲ್ಲೇ ಕನಿಷ್ಠ ವೇತನದ ವ್ಯಾಪ್ತಿಗೆ ತಂದಿದೆ. ಆ ವೇತನದ ತುಟ್ಟಿಭತ್ಯೆ ಏಪ್ರಿಲ್ 1ರಿಂದ ಬದಲಾಗುತ್ತದೆ. ನಾವೂ ಅದೇ ದಿನವನ್ನು ಇಟ್ಟುಕೊಳ್ಳಬಹುದು, ಇಲ್ಲವೇ ಆಕೆ ಕೆಲಸಕ್ಕೆ ಸೇರಿದ ದಿನ. 6,000ಕ್ಕೆ ಶೇಕಡಾ ಎಂಟರಂತೆ ಏರಿಸಿದರೆ ತಿಂಗಳಿಗೆ 480 ರೂಪಾಯಿ. ಒಂದು ಸಲ ಹೊರಗೆ ಊಟಕ್ಕೆ ಹೋದರೆ ಇದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ನಾಲ್ಕು ವರ್ಷ ಏನೂ ಏರಿಸದೆ ಇದ್ದರೆ ಆಕೆ ಒಮ್ಮೆಲೇ ಎರಡು ಸಾವಿರ ಕೇಳುತ್ತಾಳೆ, ನಮಗೆ ಸಿಟ್ಟು ಬರುತ್ತದೆ, ಅವಳು ಪಕ್ಕದ ಫ್ಲ್ಯಾಟಿಗೆ ಹೋಗುತ್ತಾಳೆ.

ಅಡುಗೆ ಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೇವಲ್ಲ, ಅದರ ಪಕ್ಕದಲ್ಲೇ ಬರೆದಿಡೋಣ: ಸಂಬಳ ಇಷ್ಟು, ಹೆಚ್ಚು ಕೆಲಸದ್ದು ಇಷ್ಟು, ಏರಿಕೆಯ ದಿನ ಇಂಥದ್ದು. ಝಕಾತಿನ ಲೆಕ್ಕ ಬೇರೆ ಪುಸ್ತಕದಲ್ಲಿ ಇರಲಿ.