ಪುಕ್ಕಟೆ ಫೋನಿಗೆ 6,000 ರೂಪಾಯಿ

‘ಎರಡು ವರ್ಷ ನಮ್ಮ ಪ್ಲಾನ್ ತೆಗೆದುಕೊಳ್ಳಿ, ಫೋನ್ ಉಚಿತ.’ ಅಮೆರಿಕ, ಯುರೋಪಿನ ಮೊಬೈಲ್ ಕಂಪನಿಗಳು ಹಲವು ವರ್ಷ ಹೀಗೆಯೇ ಗಿರಾಕಿಗಳನ್ನು ಸೆಳೆದವು. ಗಿರಾಕಿ ಫೋನಿಗೆ ಒಂದು ಪೈಸೆಯನ್ನೂ ಕೊಡುವುದಿಲ್ಲ. ಹಾಗಿದ್ದರೆ ಫೋನ್ ಮಾರಿದ್ದಕ್ಕೆ ಕಂಪನಿ ತನ್ನ ಪುಸ್ತಕದಲ್ಲಿ ಎಷ್ಟು ಆದಾಯ ಬರೆಯಬೇಕು?

ಸೊನ್ನೆ ಎಂದು ಅನಿಸುವುದು ಸಹಜ. ಹಳೆಯ ಪದ್ಧತಿಯಲ್ಲಿ ಬಹಳಷ್ಟು ಕಂಪನಿಗಳು ಹೆಚ್ಚುಕಡಿಮೆ ಹಾಗೆಯೇ ಬರೆಯುತ್ತಿದ್ದವು. 2014ರಲ್ಲಿ ಬಂದ ಐಎಫ್‌ಆರ್‌ಎಸ್ 15 ಎಂಬ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಇದನ್ನು ಬದಲಿಸಿತು. ಅದು 2018ರ ಜನವರಿ 1ರಿಂದ ಜಾರಿಯಾಯಿತು. ಅದರ ಭಾರತೀಯ ರೂಪವಾದ ಇಂಡ್ ಎಎಸ್ 115 ಅದೇ ವರ್ಷ ಏಪ್ರಿಲ್ 1ರಿಂದ ನಮ್ಮಲ್ಲಿ ಬಂತು. ಕರಾರಿನಲ್ಲಿ ಎಷ್ಟು ಬೇರೆ ಬೇರೆ ವಸ್ತು, ಸೇವೆಗಳಿವೆಯೋ ನೋಡಿ, ಗಿರಾಕಿ ಕೊಡುವ ಒಟ್ಟು ಹಣವನ್ನು ಅವುಗಳಿಗೆಲ್ಲ ಹಂಚಬೇಕು ಎನ್ನುತ್ತದೆ ಈ ನಿಯಮ. ಹಂಚಿಕೆಗೆ ಅಳತೆಗೋಲು ಬಿಡಿ ಮಾರಾಟದ ಬೆಲೆ. ಅಂದರೆ ಅದೊಂದನ್ನೇ ಪ್ರತ್ಯೇಕವಾಗಿ ಮಾರಿದ್ದರೆ ಕಂಪನಿಗೆ ಸಿಗುತ್ತಿದ್ದ ಬೆಲೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಫೋನನ್ನು ಬಿಡಿಯಾಗಿ ಕೊಂಡರೆ 8,000 ರೂಪಾಯಿ. ಫೋನಿಲ್ಲದೆ ಪ್ಲಾನ್ ಮಾತ್ರ ತೆಗೆದುಕೊಂಡರೆ ತಿಂಗಳಿಗೆ 1,000, ಎರಡು ವರ್ಷಕ್ಕೆ 24,000. ಎರಡೂ ಸೇರಿ 32,000. ಕೊಡುಗೆಯಲ್ಲಿ ಫೋನ್ ಉಚಿತವಾದ್ದರಿಂದ ಗಿರಾಕಿ ಕೊಡುವುದು 24,000 ಮಾತ್ರ. 32,000ದಲ್ಲಿ ಫೋನಿನ ಪಾಲು ಕಾಲುಭಾಗ. ಆದ್ದರಿಂದ 24,000ದಲ್ಲೂ ಕಾಲುಭಾಗ, ಅಂದರೆ 6,000, ಫೋನಿಗೆ ಸೇರುತ್ತದೆ. ಉಳಿದ 18,000 ಪ್ಲಾನಿಗೆ, ತಿಂಗಳಿಗೆ 750ರಂತೆ. ಬೋರ್ಡಿನ ಮೇಲೆ ರಿಯಾಯಿತಿ ಪೂರ್ತಿ ಫೋನಿನದೇ ಎಂದು ಬರೆದಿದ್ದರೂ ಲೆಕ್ಕದಲ್ಲಿ ಅದನ್ನು ಎರಡೂ ಹಂಚಿಕೊಳ್ಳುತ್ತವೆ. ರಿಯಾಯಿತಿ ಒಂದಕ್ಕೇ ಸೇರಿದ್ದು ಎಂಬುದಕ್ಕೆ ಕಂಪನಿಯ ಮಾರಾಟದಲ್ಲೇ ಕಣ್ಣಿಗೆ ಕಾಣುವ ಪುರಾವೆ ಇದ್ದರೆ ಮಾತ್ರ ಬೇರೆ ಮಾತು.

ಫೋನ್ ಕೈಗಿತ್ತ ದಿನವೇ ಕಂಪನಿ 6,000 ಆದಾಯ ಬರೆಯುತ್ತದೆ, ಆದರೆ ಗಲ್ಲಾಪೆಟ್ಟಿಗೆಗೆ ಏನೂ ಬಂದಿಲ್ಲ. ಆ 6,000ವನ್ನು ಗಿರಾಕಿಯ ಬಾಕಿ ಎಂದು ತೋರಿಸುವಂತಿಲ್ಲ, ಯಾಕೆಂದರೆ ಮುಂದೆ ಸೇವೆ ಒದಗಿಸಿದರೆ ಮಾತ್ರ ಅದನ್ನು ಕೇಳುವ ಹಕ್ಕು. ಅದಕ್ಕೆಂದೇ ‘ಕಾಂಟ್ರ್ಯಾಕ್ಟ್ ಅಸೆಟ್’ ಎಂಬ ಪ್ರತ್ಯೇಕ ಖಾತೆಯಿದೆ. ಪ್ರತಿ ತಿಂಗಳು 1,000ಕ್ಕೆ ಬಿಲ್ ಹೋಗುತ್ತದೆ. ಅದರಲ್ಲಿ 750 ಆ ತಿಂಗಳ ಸೇವೆಯ ಆದಾಯ, 250 ಈ ಖಾತೆಯಿಂದ ಕಳೆಯುತ್ತದೆ. 24 ತಿಂಗಳಿಗೆ ಖಾತೆ ಸರಿಯಾಗಿ ಸೊನ್ನೆಗೆ ಬರುತ್ತದೆ. ಒಟ್ಟು ಆದಾಯ ಒಂದು ರೂಪಾಯಿಯೂ ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. ಬದಲಾದದ್ದು ಅದು ಯಾವಾಗ ಕಾಣಿಸುತ್ತದೆ ಎಂಬುದಷ್ಟೇ. (ಹಣ ತಡವಾಗಿ ಬರುವುದರಿಂದ ಬಡ್ಡಿಯ ಅಂಶ ದೊಡ್ಡದಾಗಿದ್ದರೆ ಅದನ್ನು ಬೇರ್ಪಡಿಸಬೇಕು, ಇಲ್ಲಿ ಬಿಟ್ಟಿದ್ದೇನೆ.)

ಸಮಯದ ಈ ವ್ಯತ್ಯಾಸ ಸಣ್ಣದಲ್ಲ. ಕಂಪನಿ ಆ ಫೋನನ್ನು 7,000ಕ್ಕೆ ತಂದಿದೆ ಎನ್ನಿ. ಹಳೆಯ ಲೆಕ್ಕದಲ್ಲಿ ಮೊದಲ ದಿನ 7,000 ನಷ್ಟ, ಆಮೇಲೆ ಎರಡು ವರ್ಷ ಉಬ್ಬಿದ ಲಾಭ. ಹೊಸದರಲ್ಲಿ ಮೊದಲ ದಿನದ ನಷ್ಟ 1,000 ಮಾತ್ರ. ವ್ಯಾಪಾರ ನಿಜವಾಗಿ ನಡೆದ ರೀತಿಗೆ ಇದೇ ಹತ್ತಿರ.

ಎಡವುವುದು ಬಿಡಿ ಬೆಲೆಯನ್ನು ಗೊತ್ತುಮಾಡುವಾಗ. ಫೋನಿನ ಡಬ್ಬಿಯ ಮೇಲೆ 12,000 ಎಂದು ಅಚ್ಚಾಗಿದ್ದು, ಗಿರಾಕಿಗಳು ಕೊಳ್ಳುವುದು 8,000ಕ್ಕೇ ಆಗಿದ್ದರೆ, ಲೆಕ್ಕಕ್ಕೆ ಬರಬೇಕಾದ್ದು 8,000. ಅಚ್ಚಿನ ಬೆಲೆ ಹಿಡಿದರೆ 36,000ದಲ್ಲಿ ಫೋನಿನ ಪಾಲು ಮೂರನೇ ಒಂದಾಗಿ, ಮೊದಲ ದಿನವೇ 6,000ದ ಬದಲು 8,000 ಆದಾಯ ಬರೆದಂತಾಗುತ್ತದೆ. ನಾಳೆಯ 2,000 ಇಂದೇ ಬಂದುಬಿಟ್ಟಿತು. ಬಿಡಿಯಾಗಿ ಮಾರದ ಸೇವೆಯಾದರೆ ಮಾರುಕಟ್ಟೆ ದರದಿಂದಲೋ, ವೆಚ್ಚಕ್ಕೆ ಲಾಭ ಕೂಡಿಸಿಯೋ ಅಂದಾಜು ಮಾಡಬೇಕು. ಹಂಚಿಕೆ ಕರಾರಿನ ದಿನವೇ ನಿಗದಿಯಾಗುತ್ತದೆ. ಆರು ತಿಂಗಳ ನಂತರ ಫೋನಿನ ಬೆಲೆ ಕುಸಿದರೂ ಅದನ್ನು ತಿದ್ದುವಂತಿಲ್ಲ.

ಇನ್ನೊಂದು ಎಲ್ಲೆ ಕರಾರಿನದೇ. ಗಿರಾಕಿ ದಂಡ ತೆರದೆ ಯಾವ ತಿಂಗಳಾದರೂ ಬಿಟ್ಟುಹೋಗಬಹುದಾದರೆ, ಎರಡು ವರ್ಷದ 24,000ವನ್ನು ಹಂಚಲು ಆಧಾರವೇ ಇಲ್ಲ. ಕರಾರು ಗಟ್ಟಿಯಾಗಿದ್ದೂ ಆತ 12 ತಿಂಗಳಿಗೆ ಹೊರಟುಹೋದರೆ ಖಾತೆಯಲ್ಲಿ 3,000 ಉಳಿದಿರುತ್ತದೆ. ಅಷ್ಟು ದಂಡ ವಸೂಲಾಗದಿದ್ದರೆ ಉಳಿದದ್ದು ನಷ್ಟ.

ಆದ್ದರಿಂದ ಇಂಥ ಕೊಡುಗೆ ನೀಡುವ ಕಂಪನಿಯ ಷೇರು ನಿಮ್ಮಲ್ಲಿದ್ದರೆ ವಾರ್ಷಿಕ ವರದಿಯಲ್ಲಿ ಆದಾಯದ ಸಾಲಿಗೆ ನಿಲ್ಲಬೇಡಿ. ಟಿಪ್ಪಣಿಗಳಲ್ಲಿರುವ ಕಾಂಟ್ರ್ಯಾಕ್ಟ್ ಅಸೆಟ್ ಮೊತ್ತವನ್ನು ಹಿಂದಿನ ವರ್ಷದ್ದರ ಪಕ್ಕದಲ್ಲಿಟ್ಟು ನೋಡಿ. ಗಿರಾಕಿಗಳ ಸಂಖ್ಯೆ ನಿಂತಲ್ಲೇ ನಿಂತು ಆ ಮೊತ್ತ ಮಾತ್ರ ಏರುತ್ತಿದ್ದರೆ, ಇನ್ನೂ ಬಾರದ ಹಣ ಆದಾಯವಾಗಿ ಕೂತಿದೆ ಎಂದರ್ಥ. ಬಿಡಿ ಬೆಲೆಯನ್ನು ಹೇಗೆ ಗೊತ್ತುಮಾಡಿದಿರಿ ಎಂದು ಕಂಪನಿಯನ್ನು ಕೇಳಿ.