ಊಟ ಮಾಡಿಲ್ಲ, ಮಾಡಲ್ಲ, ಮಾಡಲಿಲ್ಲ

ಬೆಂಗಳೂರಿಗೆ ಕೆಲಸಕ್ಕೆ ಬಂದ ಒಬ್ಬ ಬಿಹಾರದ ಹುಡುಗನನ್ನು ಊಹಿಸಿಕೊಳ್ಳಿ. ಮಧ್ಯಾಹ್ನ ಎರಡು ಗಂಟೆ. ಮೆಟ್ಟಿಲ ಹತ್ತಿರ ಎದುರಾದ ಮನೆ ಓನರ್ ಆಂಟಿ ಕೇಳುತ್ತಾರೆ, 'ಊಟ ಆಯ್ತೇನಪ್ಪಾ?' ಹುಡುಗನಿಗೆ ಹಸಿವಾಗಿದೆ, ಇನ್ನೂ ತಿಂದಿಲ್ಲ. ಕಲಿತ ಕನ್ನಡವನ್ನು ಜೋಡಿಸಿಕೊಂಡು 'ಇಲ್ಲ ಆಂಟಿ, ಊಟ ಮಾಡಲ್ಲ' ಎನ್ನುತ್ತಾನೆ. ಆಂಟಿಗೆ ಗಾಬರಿ. 'ಯಾಕೆ, ಹುಷಾರಿಲ್ವಾ? ಉಪವಾಸಾನಾ?'

ಅವನು ಹೇಳಬೇಕಿದ್ದದ್ದು 'ಊಟ ಮಾಡಿಲ್ಲ'. ಹಾಗೆಂದಿದ್ದರೆ 'ಬಾ, ಅನ್ನ ಸಾರು ಇದೆ' ಎಂಬ ಉತ್ತರ ಬರುತ್ತಿತ್ತೋ ಏನೋ. 'ಮಾಡಿಲ್ಲ' ಎಂದರೆ ಈ ಹೊತ್ತಿನವರೆಗೂ ಆಗಿಲ್ಲ, ಆದರೆ ಆಗುವ ದಾರಿ ತೆರೆದಿದೆ. 'ಮಾಡಲ್ಲ' ಎಂದರೆ ಇನ್ನು ಮುಂದೆಯೂ ಮಾಡುವುದಿಲ್ಲ, ಅಥವಾ ಮಾಡುವ ರೂಢಿಯೇ ಇಲ್ಲ. ಮೂರನೆಯದು 'ಮಾಡಲಿಲ್ಲ': ಹೊತ್ತು ಮೀರಿತು, ಊಟ ತಪ್ಪಿಯೇ ಹೋಯಿತು. ಕನ್ನಡ ಮನೆಯಲ್ಲಿ ಬೆಳೆದ ನಾಲ್ಕು ವರ್ಷದ ಮಗು ಈ ಮೂರನ್ನೂ ಬೆರೆಸದೆ ಬಳಸುತ್ತದೆ. ದೊಡ್ಡವರಾದ ಮೇಲೆ ಕಲಿಯುವವರಿಗೆ ಮಾತ್ರ ಇದು ತಿಂಗಳುಗಟ್ಟಲೆ ಕಾಡುತ್ತದೆ.

ಇದಕ್ಕೆ ಕಾರಣ ಅವರು ಕಲಿಯುವ ಮೊದಲ ವಾಕ್ಯದಲ್ಲೇ ಇದೆ. ಹೊರಗಿನಿಂದ ಬಂದವರ ಬಾಯಿಗೆ ಎಲ್ಲಕ್ಕಿಂತ ಮೊದಲು ಬರುವುದು 'ಕನ್ನಡ ಗೊತ್ತಿಲ್ಲ'. 'ಗೊತ್ತು' ಎಂಬುದಕ್ಕೆ 'ಇಲ್ಲ' ಸೇರಿಸಿದರೆ ಆಯಿತು. ಅಂದರೆ ಯಾವ ಮಾತಿನ ಕೊನೆಗಾದರೂ 'ಇಲ್ಲ' ಅಂಟಿಸಿದರೆ ಅದು ಇಲ್ಲವಾಗುತ್ತದೆ ಎಂದು ಕಲಿಯುವವರು ಲೆಕ್ಕ ಹಾಕುತ್ತಾರೆ. ಹಾಗಾಗಿ 'ನಾನು ಬರ್ತೀನಿ ಇಲ್ಲ', 'ನಿನ್ನೆ ನಾನು ಬಂದೆ ಇಲ್ಲ' ಎಂಬ ವಾಕ್ಯಗಳು ಹುಟ್ಟುತ್ತವೆ. ಹಿಂದಿ ಮಾತೃಭಾಷೆಯಾಗಿದ್ದರೆ ಈ ಲೆಕ್ಕ ಇನ್ನಷ್ಟು ಗಟ್ಟಿಯಾಗುತ್ತದೆ. ಹಿಂದಿಯ 'ಆಯಾ' ಎಂಬುದು 'ನಹೀಂ ಆಯಾ' ಆದಾಗ ಕ್ರಿಯಾಪದ ಇದ್ದಂತೆಯೇ ಇರುತ್ತದೆ, ಅದರ ಮುಂದೆ ಒಂದು ಮಾತು ಬಂದು ನಿಲ್ಲುತ್ತದೆ, ಅಷ್ಟೇ.

ಕನ್ನಡದಲ್ಲಿ ಹಾಗಲ್ಲ. ಇಲ್ಲಿ 'ಇಲ್ಲ' ಬಂದ ಕೂಡಲೇ ಕ್ರಿಯಾಪದ ತನ್ನ ರೂಪವನ್ನೇ ಬದಲಿಸುತ್ತದೆ. 'ಬರುತ್ತೇನೆ' ಎಂಬುದರ ನಿಷೇಧ 'ಬರುವುದಿಲ್ಲ'. ಆಡುಮಾತಿನಲ್ಲಿ ಅದು ಸವೆದು 'ಬರೋಲ್ಲ', 'ಬರಲ್ಲ' ಆಗಿದೆ. 'ಬಂದೆ' ಎಂಬುದರ ನಿಷೇಧ 'ಬರಲಿಲ್ಲ'. 'ಬಂದಿದ್ದೇನೆ' ಎಂಬುದರದ್ದು 'ಬಂದಿಲ್ಲ'. ಇದರಲ್ಲಿ ನಡುವಿನದ್ದೇ ಕಷ್ಟ. 'ಬರಲಿಲ್ಲ' ಎಂಬುದು ಕಳೆದುಹೋದ ಕಾಲದ ಮಾತು, ಆದರೆ ಅದರೊಳಗೆ 'ಬಂದ' ಎಂಬುದರ ಸುಳಿವೇ ಇಲ್ಲ. 'ಬಂದಿಲ್ಲ'ದಲ್ಲಿ ಮಾತ್ರ 'ಬಂದು' ಎದ್ದು ಕಾಣುತ್ತದೆ. ಕಲಿಯುವವರು ಆ ಗುರುತನ್ನು ನಂಬಿ 'ಹೋದ ವರ್ಷ ನಾನು ದಸರಾಕ್ಕೆ ಬಂದಿಲ್ಲ' ಎನ್ನುತ್ತಾರೆ. ಅರ್ಥವಾಗುತ್ತದೆ, ಕೆಲವು ಕನ್ನಡಿಗರೂ ಹಾಗೆ ಆಡುವುದುಂಟು. ಆದರೂ ಮುಗಿದುಹೋದ ದಿನದ ಬಗ್ಗೆ ಮಾತಾಡುವಾಗ ಕನ್ನಡದ ಕಿವಿ ಕಾಯುವುದು 'ಬರಲಿಲ್ಲ'ಕ್ಕೆ. ಪರೀಕ್ಷೆ ಸುಲಭ: ವಾಕ್ಯದಲ್ಲಿ 'ಇನ್ನೂ' ಎಂಬ ಮಾತನ್ನು ಇಟ್ಟು ನೋಡಬೇಕು. 'ಇನ್ನೂ ಬಂದಿಲ್ಲ' ಸಲೀಸಾಗಿ ಕೂರುತ್ತದೆ. 'ಹೋದ ವರ್ಷ' ಎಂಬುದರ ಪಕ್ಕದಲ್ಲಿ 'ಇನ್ನೂ' ಕೂರುವುದಿಲ್ಲ, ಹಾಗಾಗಿ ಅಲ್ಲಿ 'ಬರಲಿಲ್ಲ'.

ಒಂದು ಕಡೆ ಮಾತ್ರ ಕನ್ನಡ ಕಲಿಯುವವರ ಮೇಲೆ ದಯೆ ತೋರುತ್ತದೆ. ಬರುತ್ತೇನೆ, ಬರುತ್ತಾನೆ, ಬರುತ್ತಾಳೆ, ಬರುತ್ತಾರೆ ಎಂದು ಆಳಿಗೊಂದು ರೂಪ ನೆನಪಿಟ್ಟುಕೊಳ್ಳಬೇಕು. 'ಬರಲ್ಲ' ಎಂದಾಗ ನಾನು, ಅವನು, ಅವಳು, ಅವರು ಎಲ್ಲರಿಗೂ ಒಂದೇ. ಹಳಗನ್ನಡದಲ್ಲಿ ಹೀಗಿರಲಿಲ್ಲ. ಅಲ್ಲಿ ನಿಷೇಧಕ್ಕೂ ಆಳಿನ ಗುರುತು ಇತ್ತು, ಕಾಲದ ಗುರುತು ಇರಲಿಲ್ಲ. 'ಅರಿಯೆ' ಎಂದರೆ ನಾನು ಅರಿಯುವುದಿಲ್ಲ, 'ಅರಿಯರು' ಎಂದರೆ ಅವರು ಅರಿಯುವುದಿಲ್ಲ. 'ಒಲ್ಲೆ' ಎಂಬ ಮಾತಿನಲ್ಲಿ ಆ ಹಳೆಯ ರೂಪ ಉತ್ತರ ಕರ್ನಾಟಕದ ಮನೆಗಳಲ್ಲಿ ಇಂದಿಗೂ ಜೀವಂತವಾಗಿದೆ.

'ಇಲ್ಲ'ದ ಪಕ್ಕದಲ್ಲೇ 'ಅಲ್ಲ' ಕಾದು ಕೂತಿರುತ್ತದೆ. ಆಸ್ಪತ್ರೆಯ ಕೌಂಟರಿನಲ್ಲಿ ಬಿಳಿ ಕೋಟು ತೊಟ್ಟವರನ್ನು ಯಾರೋ ಡಾಕ್ಟರ್ ಎಂದುಕೊಂಡು ಮಾತಾಡಿಸುತ್ತಾರೆ. 'ನಾನು ಡಾಕ್ಟರ್ ಅಲ್ಲ' ಎಂದರೆ ಅವರು ಬೇರೆ ಕೆಲಸದವರು. 'ಡಾಕ್ಟರ್ ಇಲ್ಲ' ಎಂದರೆ ಡಾಕ್ಟರ್ ಹೊರಗೆ ಹೋಗಿದ್ದಾರೆ. ಇರುವಿಕೆಯನ್ನು ಅಲ್ಲಗಳೆಯುವುದು 'ಇಲ್ಲ', ಇದು ಅದು ಎಂಬ ಗುರುತನ್ನು ಅಲ್ಲಗಳೆಯುವುದು 'ಅಲ್ಲ'. ತೆಲುಗಿನವರಿಗೆ ಈ ಭೇದ ಹೊಸದಲ್ಲ, ಅವರಲ್ಲಿ 'ಲೇದು' ಮತ್ತು 'ಕಾದು' ಇವೆ. ಮಲಯಾಳಿಗಳಲ್ಲಂತೂ ಇದೇ 'ಇಲ್ಲ', ಇದೇ 'ಅಲ್ಲ' ಇವೆ. ಎಡವುವವರು ಹಿಂದಿಯವರು, ಅವರಿಗೆ ಎರಡಕ್ಕೂ 'ನಹೀಂ' ಒಂದೇ. ತಮಿಳಿನ ಆಡುಮಾತಿನಲ್ಲೂ ಎರಡೂ ಕಡೆ 'ಇಲ್ಲೈ' ನಡೆಯುತ್ತದೆ, ಹಾಗಾಗಿ ತಮಿಳರೂ 'ಇದು ನನ್ನ ಬ್ಯಾಗ್ ಇಲ್ಲ' ಎನ್ನುವುದುಂಟು. ಇದರ ಮೇಲೆ 'ಬರಲ್ಲ', 'ಮಾಡಲ್ಲ'ಗಳ ಸದ್ದು ಬೇರೆ ದಾರಿ ತಪ್ಪಿಸುತ್ತದೆ. ಕಿವಿಗೆ ಅಲ್ಲಿ 'ಅಲ್ಲ' ಕೇಳಿಸಿದರೂ ಅದು 'ಬರುವುದಿಲ್ಲ'ದ 'ಇಲ್ಲ'ವೇ ಎಂದು ಯಾರಾದರೂ ಒಮ್ಮೆ ಬಿಡಿಸಿ ಹೇಳಬೇಕು.

ಪ್ರಶ್ನೆಗೆ ಬಂದರೆ, ಕನ್ನಡದಲ್ಲಿ ಅದು ಒಂದೇ ಒಂದು ಸ್ವರದ ಕೆಲಸ. ಹಿಂದಿಯಲ್ಲಿ ವಾಕ್ಯದ ಮೊದಲಿಗೆ 'ಕ್ಯಾ' ಬರುತ್ತದೆ. ಅದನ್ನೇ ಹೊತ್ತು ತಂದವರು 'ಏನು ನೀವು ನಾಳೆ ಬರ್ತೀರಿ?' ಎನ್ನುತ್ತಾರೆ, ಕೇಳಿದವರಿಗೆ ಅದು ಬೆದರಿಸಿದಂತೆ ಕೇಳಿಸಬಹುದು. ಕನ್ನಡಕ್ಕೆ ಬೇಕಾದದ್ದು ಕೊನೆಯ 'ಆ' ಅಷ್ಟೇ: 'ನೀವು ನಾಳೆ ಬರ್ತೀರಾ?' ಆ 'ಆ' ಕ್ರಿಯಾಪದದಲ್ಲೇ ಇರಬೇಕೆಂದಿಲ್ಲ, ಸಂಶಯ ಎಲ್ಲಿದೆಯೋ ಅಲ್ಲಿಗೆ ಹೋಗಿ ಕೂರುತ್ತದೆ. ನಾಳೆಯೋ ನಾಡಿದ್ದೋ ಎಂಬುದು ಸಂಶಯವಾದರೆ 'ನೀವು ಬರೋದು ನಾಳೇನಾ?' ಬರುವವರು ಯಾರೆಂಬುದು ಸಂಶಯವಾದರೆ 'ನಾಳೆ ಬರೋದು ನೀವಾ?' ಗಮನಿಸಬೇಕಾದದ್ದು ಎರಡರಲ್ಲೂ 'ಬರ್ತೀರಿ' ಮಾಯವಾಗಿ 'ಬರೋದು' ಬಂದಿದೆ. 'ಆ'ವನ್ನು ಸರಿಸಿ ಕ್ರಿಯಾಪದವನ್ನು ಇದ್ದಂತೆ ಬಿಟ್ಟು 'ನೀವಾ ನಾಳೆ ಬರ್ತೀರಿ?' ಎನ್ನುವುದು ಸ್ವಲ್ಪ ಮುಂದುವರಿದವರು ಮಾಡುವ ತಪ್ಪು.

ಯಾರು, ಎಲ್ಲಿ, ಯಾವಾಗ ಎಂಬ ಮಾತು ಇದ್ದಾಗ ಈ 'ಆ' ಬೇಡ. ಕಲಿಯುವವರು ಜಾಗ್ರತೆಗೆಂದು ಎರಡನ್ನೂ ಹಾಕಿ 'ಯಾರು ಬಂದರಾ?' ಎನ್ನುತ್ತಾರೆ. ಅವರನ್ನು ದೂರುವಂತಿಲ್ಲ, 'ಹೇಗಿದ್ದೀರಾ?' ಎಂದು ಕನ್ನಡಿಗರೇ ದಿನಾ ಬರೆಯುತ್ತಾರೆ. ಮೈಸೂರು ಬೆಂಗಳೂರು ಕಡೆಯ ಮಾತಿನಲ್ಲಿ 'ಬರ್ತೀರಿ' ಎಂಬುದು 'ಬರ್ತೀರ' ಆಗುತ್ತದೆ. 'ಹೇಗಿದ್ದೀರ' ಎಂಬುದೂ ಅದೇ ಜಾಡಿನದು, ಅದರ ಕೊನೆಯ 'ಅ' ಪ್ರಶ್ನೆಯದ್ದಲ್ಲ. ಬರೆಯುವಾಗ ಅದು ಉದ್ದವಾಗಿ, ಪ್ರಶ್ನೆಯ 'ಆ'ದಂತೆ ಕಾಣುತ್ತದೆ.

ಎಲ್ಲಕ್ಕಿಂತ ಸಣ್ಣ ಗುರುತು, ಎಲ್ಲಕ್ಕಿಂತ ದೊಡ್ಡ ಗೊಂದಲ 'ಯಾರು' ಮತ್ತು 'ಯಾರೂ' ನಡುವಿನದು. ಹಿಂದಿಯಲ್ಲಿ 'ಕೌನ್' ಬೇರೆ, 'ಕೋಯೀ' ಬೇರೆ ಪದ. ಇಲ್ಲಿ ಒಂದು ದೀರ್ಘ ಮಾತ್ರ ವ್ಯತ್ಯಾಸ. ನಮ್ಮ ಬಿಹಾರದ ಹುಡುಗ ಒಂದು ಶನಿವಾರ ಆಫೀಸಿನಿಂದ ಮ್ಯಾನೇಜರ್‌ಗೆ ಫೋನ್ ಮಾಡಿ 'ಸಾರ್, ಯಾರು ಬಂದಿಲ್ಲ' ಎನ್ನುತ್ತಾನೆ ಎಂದಿಟ್ಟುಕೊಳ್ಳಿ. ತನ್ನನ್ನು ಬಿಟ್ಟು ಒಬ್ಬರೂ ಬಂದಿಲ್ಲ ಎಂದು ತಿಳಿಸುವುದು ಅವನ ಉದ್ದೇಶ. ಆ ಕಡೆಯಿಂದ ಮ್ಯಾನೇಜರ್ ಹೇಳುತ್ತಾರೆ, 'ಅದನ್ನ ನೀನೇ ನೋಡಿ ಹೇಳಬೇಕಪ್ಪಾ, ನಾನು ಮನೇಲಿದ್ದೀನಿ.'